ಐದನೇ ತಿಂಗಳಲ್ಲಿ ಕಷಾಯ, ಕೇಸರಿ ಹಾಲು ಮತ್ತು ಪೊಟ್ಟಣದ ಕಂದು ಪುಡಿ

ಪ್ರಶ್ನೆ: ನನಗೆ 26 ವರ್ಷ. ಇದು ಮೊದಲ ಬಸಿರು, ಈಗ ಐದನೇ ತಿಂಗಳು. ದಾವಣಗೆರೆ ಹತ್ತಿರದ ಹಳ್ಳಿ ನಮ್ಮದು. ಅತ್ತೆಯವರು ದಿನವೂ ಬೆಳಿಗ್ಗೆ ಜೀರಿಗೆ, ಶುಂಠಿ ಹಾಕಿದ ಕಷಾಯ ಕೊಡುತ್ತಾರೆ, ರಾತ್ರಿ ಕೇಸರಿ ಹಾಲು. ಗರ್ಭ ಗಟ್ಟಿಯಾಗಲು, ರಕ್ತ ಹೆಚ್ಚಲು ಎಂದು ನಾಟಿ ವೈದ್ಯರೊಬ್ಬರು ಪೊಟ್ಟಣದಲ್ಲಿ ಕಂದು ಬಣ್ಣದ ಪುಡಿ ಕೊಟ್ಟಿದ್ದಾರೆ. ಒಂದೂವರೆ ತಿಂಗಳಿಂದ ಅದನ್ನು ಜೇನುತುಪ್ಪದಲ್ಲಿ ಕಲಸಿ ದಿನಕ್ಕೆ ಎರಡು ಚಮಚ ತೆಗೆದುಕೊಳ್ಳುತ್ತಿದ್ದೇನೆ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆ ಉಷ್ಣ, ಮಲಬದ್ಧತೆ ಮಾಡುತ್ತದೆ ಎಂದು ನಿಲ್ಲಿಸಿದ್ದೇನೆ. ಹಿಮೋಗ್ಲೋಬಿನ್ 9.4 ಇದೆ. ಇವೆಲ್ಲ ಗಿಡಮೂಲಿಕೆಗಳೇ ಆದ್ದರಿಂದ ತೊಂದರೆ ಇಲ್ಲವಲ್ಲ ಮೇಡಂ? ಯಾವುದನ್ನು ಮುಂದುವರಿಸಲಿ, ಯಾವುದನ್ನು ಬಿಡಲಿ?

ಉತ್ತರ: ಮೊದಲು ಇವತ್ತೇ ಮಾಡಬೇಕಾದ್ದನ್ನು ಹೇಳಿಬಿಡುತ್ತೇನೆ. ಪೊಟ್ಟಣದ ಪುಡಿಯನ್ನು ನಿಲ್ಲಿಸಿ, ಆದರೆ ಎಸೆಯಬೇಡಿ. ಕಬ್ಬಿಣದ ಮಾತ್ರೆಯನ್ನು ಮತ್ತೆ ಶುರು ಮಾಡಿ. ಜೀರಿಗೆ ಕಷಾಯವನ್ನೂ ಕೇಸರಿ ಹಾಲನ್ನೂ ನಿಲ್ಲಿಸಬೇಕಾಗಿಲ್ಲ, ಕುಡಿಯುವ ಹೊತ್ತು ಮಾತ್ರೆಯ ಹೊತ್ತಿನಿಂದ ದೂರವಿದ್ದರೆ ಸಾಕು. ಕಾರಣಗಳನ್ನು ನಿಧಾನವಾಗಿ ಹೇಳುತ್ತೇನೆ. ಮುಂದೆ ಯಾರಾದರೂ ಇನ್ನೊಂದು ಲೇಹ್ಯವನ್ನೋ ಗುಳಿಗೆಯನ್ನೋ ತಂದುಕೊಟ್ಟಾಗ ನೀವೇ ಅಳೆದು ನೋಡುವುದಕ್ಕೆ ಅವು ಬೇಕಾಗುತ್ತವೆ.

ಪುಡಿಯನ್ನು ನಿಲ್ಲಿಸಿ ಎಂದದ್ದು ಅದನ್ನು ಕೊಟ್ಟವರು ನಾಟಿ ವೈದ್ಯರು ಎಂಬ ಕಾರಣಕ್ಕಲ್ಲ. ಅದರೊಳಗೆ ಏನಿದೆ ಎಂದು ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬಹಳ ಸಲ ಕೊಟ್ಟವರಿಗೂ ಪೂರ್ತಿ ಗೊತ್ತಿರುವುದಿಲ್ಲ, ಏಕೆಂದರೆ ಅವರು ಗ್ರಂಧಿಗೆ ಅಂಗಡಿಯಿಂದ ತಂದ ಎರಡು ಮೂರು ಸಿದ್ಧ ಪುಡಿಗಳನ್ನು ಬೆರೆಸಿ ಕೊಟ್ಟಿರುತ್ತಾರೆ. ಗಿಡಮೂಲಿಕೆಯೇ ಎಂದು ನೀವು ಹೇಳುತ್ತಿರುವುದು ನಂಬಿಕೆಯ ಮಾತು. ಪುಡಿ ಮಾಡಿದ ಮೇಲೆ ಬೇರು ಯಾವುದು, ತೊಗಟೆ ಯಾವುದು, ಲೋಹ ಸುಟ್ಟು ಮಾಡಿದ ಭಸ್ಮ ಯಾವುದು ಎಂದು ಕಣ್ಣಿಗಾಗಲಿ ನಾಲಿಗೆಗಾಗಲಿ ತಿಳಿಯುವುದಿಲ್ಲ. ನನ್ನ ಭಯ ಇರುವುದು ಆ ಭಸ್ಮದ ಬಗ್ಗೆ, ಅದರಲ್ಲೂ ಸೀಸದ ಬಗ್ಗೆ.

ಬಸುರಿಯರಿಗೆಂದೇ ಹೇಳಿರುವ ಕೆಲವು ಸಾಂಪ್ರದಾಯಿಕ ರಸೌಷಧಿಗಳಲ್ಲಿ ಲೋಹ ಇರುವುದು ಕಲಬೆರಕೆಯಿಂದಲ್ಲ, ಪಾಕವೇ ಹಾಗಿದೆ. ಗರ್ಭಪಾಲ ರಸ ಎಂಬ ಗುಳಿಗೆಯ ಹೆಸರನ್ನು ನೀವು ಕೇಳಿರಬಹುದು. ಅದರ ಮೂಲ ಪಾಕದಲ್ಲೇ ನಾಗ ಭಸ್ಮವೂ ಹಿಂಗುಲವೂ ಇವೆ. ನಾಗ ಎಂದರೆ ಸೀಸ. ಹಿಂಗುಲ, ಅಂದರೆ ನಮ್ಮ ಇಂಗಳೀಕ, ಪಾದರಸದ ಅದಿರು. ಶೋಧನೆ ಮಾಡಿ, ಮತ್ತೆ ಮತ್ತೆ ಬೆಂಕಿಯಲ್ಲಿ ಸುಟ್ಟು ಪುಟ ಕೊಟ್ಟರೆ ಲೋಹದ ವಿಷ ಹೋಗುತ್ತದೆ ಎಂಬುದು ರಸಶಾಸ್ತ್ರದ ವಾದ. ಸೀಸವನ್ನು ಎಷ್ಟು ಬಾರಿ ಸುಟ್ಟರೂ ಅದು ಸೀಸವಾಗಿಯೇ ಉಳಿಯುತ್ತದೆ. ಅದರ ಸಂಯುಕ್ತ ಬದಲಾಗಬಹುದೇ ಹೊರತು ಮೂಲಧಾತು ಇನ್ನೊಂದಾಗುವುದಿಲ್ಲ.

ಇದು ಬರಿಯ ತರ್ಕವಲ್ಲ. 2011–12ರಲ್ಲಿ ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ ಆರು ಮಂದಿ ಗರ್ಭಿಣಿಯರ ರಕ್ತದಲ್ಲಿ ಸೀಸ ಏರಿರುವುದನ್ನು ಗುರುತಿಸಿತು. ಅವರಲ್ಲಿ ಹೆಚ್ಚಿನವರು ಭಾರತದಲ್ಲಿ ಹುಟ್ಟಿದವರು. ಆರೂ ಮಂದಿ ಭಾರತದಿಂದ ಬಂದ ಆಯುರ್ವೇದದ ಗುಳಿಗೆಗಳನ್ನು ಬಳಸಿದ್ದರು. ಕೆಲವು ಗುಳಿಗೆಗಳ ಹೆಸರಿನಲ್ಲೇ ಗರ್ಭ ಎಂಬ ಮಾತಿತ್ತು. ಅವರ ರಕ್ತದಲ್ಲಿ ಡೆಸಿಲೀಟರಿಗೆ 16ರಿಂದ 64 ಮೈಕ್ರೋಗ್ರಾಂ ಸೀಸ ಸಿಕ್ಕಿತು. ಐದು ಮುಟ್ಟಿದರೇ ಮೂಲ ಹುಡುಕಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪರೀಕ್ಷಿಸಿದ ಔಷಧಿಗಳಲ್ಲಿ ಅತಿ ಕೆಟ್ಟದ್ದರಲ್ಲಿ ತೂಕದ ಶೇ 2.4ರಷ್ಟು ಸೀಸವೇ ಇತ್ತು. 250 ಮಿಲಿಗ್ರಾಂ ತೂಗುವ ಒಂದು ಗುಳಿಗೆಯಲ್ಲಿ ಅಷ್ಟಿದ್ದರೆ 6,000 ಮೈಕ್ರೋಗ್ರಾಂ ಆಯಿತು. ಮಗು ಹೆರುವ ವಯಸ್ಸಿನ ಹೆಂಗಸರಿಗೆ ಆಹಾರದಿಂದ ದಿನಕ್ಕೆ ಸೇರುವ ಸೀಸ 8.8 ಮೈಕ್ರೋಗ್ರಾಂ ಮೀರಬಾರದು ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಒಂದು ಅಳತೆ ಇಟ್ಟುಕೊಂಡಿದೆ. ಅದರ ಪಕ್ಕದಲ್ಲಿ ಈ ಗುಳಿಗೆಯನ್ನು ಇಟ್ಟು ನೋಡಿ.

ಹಾಗಾದರೆ ಭಸ್ಮ ಹಾಕದ, ಬರೀ ಬೇರು ನಾರಿನ ಪುಡಿಯಾದರೆ ನಿಶ್ಚಿಂತೆಯೇ? ಅಲ್ಲಿಯೂ ಸ್ವಲ್ಪ ಲೆಕ್ಕ ಹಾಕಬೇಕು. ನಮ್ಮ ದೇಶದ ಆಯುರ್ವೇದದ ಮಾನಕದ ಪ್ರಕಾರ ಗಿಡಮೂಲಿಕೆಯ ಪುಡಿಯಲ್ಲಿ ಹತ್ತು ಲಕ್ಷ ಪಾಲಿಗೆ 10 ಪಾಲಿನವರೆಗೆ ಸೀಸ ಇರಬಹುದು. ಅಂದರೆ ಒಂದು ಗ್ರಾಂ ಪುಡಿಗೆ 10 ಮೈಕ್ರೋಗ್ರಾಂ. ನೀವು ದಿನಕ್ಕೆ ತಿನ್ನುವ ಎರಡು ಚಮಚ ಪುಡಿ ಸುಮಾರು 5 ಗ್ರಾಂ ಎಂದಿಟ್ಟುಕೊಳ್ಳಿ. ಪುಡಿ ಈ ಮಿತಿಯ ತುದಿಯಲ್ಲಿದ್ದರೆ, ಅಂದರೆ ಕಾನೂನಿನ ಲೆಕ್ಕದಲ್ಲಿ ಪಾಸಾದ ಮಾಲಾಗಿದ್ದರೂ, ದಿನಕ್ಕೆ 50 ಮೈಕ್ರೋಗ್ರಾಂ ಸೀಸ ಹೊಟ್ಟೆಗೆ ಹೋಗುತ್ತದೆ. ಒಳ್ಳೆಯ ಕಂಪನಿಯ ಪುಡಿಯಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ ಇರಬಹುದು. ಆದರೆ ಈ ಲೆಕ್ಕದಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಚಿಟಿಕೆಯಷ್ಟು ತಿನ್ನುವ ವಸ್ತುವಿಗೂ ಚಮಚಗಟ್ಟಲೆ ತಿಂಗಳುಗಟ್ಟಲೆ ತಿನ್ನುವ ವಸ್ತುವಿಗೂ ಒಂದೇ ಮಿತಿ ಸಾಲದು.

ಸೀಸ ಗರ್ಭಚೀಲದ ಮಾಸನ್ನು ಸಲೀಸಾಗಿ ದಾಟುತ್ತದೆ. ತಾಯಿಯ ರಕ್ತದಲ್ಲಿ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಮಗುವಿನ ರಕ್ತದಲ್ಲೂ ಇರುತ್ತದೆ. ಪ್ರಮಾಣ ಹೆಚ್ಚಿದ್ದರೆ ತಾಯಿಗೆ ರಕ್ತದೊತ್ತಡ ಏರುವ, ಗರ್ಭಪಾತವಾಗುವ, ಮಗುವಿನ ತೂಕ ಕುಗ್ಗುವ ಅಪಾಯವಿದೆ. ಕಡಿಮೆ ಪ್ರಮಾಣದ್ದು ಮಗುವಿನ ಮಿದುಳಿನ ಬೆಳವಣಿಗೆಯನ್ನು ಸದ್ದಿಲ್ಲದೆ ಕುಗ್ಗಿಸುತ್ತದೆ. ಹುಟ್ಟಿದ ದಿನ ಮಗುವನ್ನು ತೂಗಿದರೆ, ಅದರ ಅಳು ಕೇಳಿದರೆ ಅದು ಗೊತ್ತಾಗುವುದಿಲ್ಲ.

ಈ ಪುಡಿ ತಿಂದ ಮೇಲೆ ನನಗೇನೂ ಆಗಲಿಲ್ಲ, ಆದ್ದರಿಂದ ಒಳ್ಳೆಯದೇ ಇರಬೇಕು ಎಂದು ನನ್ನ ಬಳಿ ಬರುವ ಹೆಂಗಸರು ಹೇಳುತ್ತಾರೆ. ಬೇರೆ ಯಾವ ಕಾಲದಲ್ಲಾದರೂ ಈ ಮಾತಿಗೆ ಸ್ವಲ್ಪ ಬೆಲೆ ಕೊಡಬಹುದಿತ್ತು. ಬಸಿರಿನಲ್ಲಿ ಕೊಡಲಾಗುವುದಿಲ್ಲ. ಸೀಸ ಸೇರಿದವರಿಗೆ ಸುಸ್ತು, ತಲೆನೋವು, ಹೊಟ್ಟೆ ಹಿಡಿದಂತಾಗುವುದು, ಮಲಬದ್ಧತೆ, ವಾಕರಿಕೆ, ರಕ್ತಹೀನತೆ ಕಾಣಿಸಿಕೊಳ್ಳುತ್ತವೆ. ಈ ಪಟ್ಟಿಯನ್ನು ಯಾವ ಅಜ್ಜಿಯ ಮುಂದೆ ಓದಿದರೂ ಬಸುರಿ ಎಂದಮೇಲೆ ಇವೆಲ್ಲ ಇದ್ದದ್ದೇ ಎಂದುಬಿಡುತ್ತಾರೆ. ನಿಮ್ಮ ಮಲಬದ್ಧತೆಯನ್ನೇ ತೆಗೆದುಕೊಳ್ಳಿ. ಅದಕ್ಕೆ ಕಬ್ಬಿಣದ ಮಾತ್ರೆಯೇ ಕಾರಣ ಎಂದು ನೀವು ತೀರ್ಮಾನಿಸಿದ್ದೀರಿ. ಇರಬಹುದು, ಬರಿಯ ಬಸಿರೂ ಕಾರಣವಿರಬಹುದು. ಆದರೆ ಮಾತ್ರೆ ಬಿಟ್ಟು ಇಷ್ಟು ದಿನವಾದ ಮೇಲೂ ಅದು ಮುಂದುವರಿದಿದ್ದರೆ ನಾನು ಪೊಟ್ಟಣದ ಕಡೆಗೆ ನೋಡುತ್ತೇನೆ.

ಇದರ ಹಿಂದೆ ಇನ್ನೊಂದು ಕೊಂಡಿಯಿದೆ. ಕಬ್ಬಿಣವನ್ನು ಒಳಗೆ ಎಳೆದುಕೊಳ್ಳುವ ಕರುಳಿನ ದಾರಿಯಲ್ಲೇ ಸೀಸವೂ ನುಗ್ಗುತ್ತದೆ. ದೇಹದಲ್ಲಿ ಕಬ್ಬಿಣ ಕಡಿಮೆಯಾದಷ್ಟೂ ಕರುಳು ಆ ದಾರಿಯನ್ನು ಅಗಲ ಮಾಡುತ್ತದೆ. ಸುಣ್ಣದಂಶ ಕಡಿಮೆಯಿದ್ದರೂ ಹೀಗೆಯೇ. ಅಂದರೆ 9.4 ಹಿಮೋಗ್ಲೋಬಿನ್ ಇರುವ ನೀವು, ಕಬ್ಬಿಣದ ಮಾತ್ರೆ ಬಿಟ್ಟು, ಅದರ ಬದಲಿಗೆ ಗೊತ್ತಿಲ್ಲದ ಪುಡಿ ತಿಂದರೆ, ಆ ಪುಡಿಯಲ್ಲಿ ಸೀಸ ಇದ್ದ ಪಕ್ಷದಲ್ಲಿ ಅದನ್ನು ಇತರರಿಗಿಂತ ಹೆಚ್ಚು ಹೀರಿಕೊಳ್ಳುತ್ತೀರಿ. ಹಾಗೆ ಸೇರಿದ ಸೀಸ ರಕ್ತ ತಯಾರಾಗುವುದನ್ನೇ ತಡೆಯುತ್ತದೆ. ರಕ್ತ ಹೆಚ್ಚಲಿ ಎಂದು ತಿಂದದ್ದು ರಕ್ತವನ್ನೇ ಇಳಿಸಬಹುದು.

ನಿಮ್ಮ ಪುಡಿಯಲ್ಲಿ ಸೀಸ ಇದ್ದೇ ಇದೆ ಎಂದು ನಾನು ಹೇಳುತ್ತಿಲ್ಲ. ಬರೀ ಶತಾವರಿ ಪುಡಿಯೂ ಇರಬಹುದು, ನೆಲ್ಲಿಕಾಯಿ ಪುಡಿಯೂ ಇರಬಹುದು. ಊಹೆ ಮಾಡುತ್ತ ಕೂರುವ ಬದಲು ಪರೀಕ್ಷೆ ಮಾಡಿಸಿ. ಮುಂದಿನ ತಪಾಸಣೆಯ ದಿನದವರೆಗೆ ಕಾಯದೆ ಈ ವಾರವೇ ನಿಮ್ಮ ವೈದ್ಯರ ಬಳಿ ಹೋಗಿ. ಪೊಟ್ಟಣ, ಉಳಿದ ಪುಡಿ, ಅದನ್ನು ತೆಗೆಯುತ್ತಿದ್ದ ಚಮಚ ಮೂರನ್ನೂ ಒಯ್ಯಿರಿ. ಚಮಚ ಏಕೆಂದರೆ, ನೀವು ಒಂದು ಚಮಚ ಎಂದಾಗ ನನಗೆ ಕಾಣುವುದು ಔಷಧಿಯ ಚಮಚ, ನಿಮ್ಮ ಮನೆಯಲ್ಲಿರುವುದು ಸಾರು ಬಡಿಸುವ ಚಮಚವೂ ಆಗಿರಬಹುದು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ತಿಂದಿರಿ ಎಂದು ತಾಯಿ ಕಾರ್ಡಿನಲ್ಲೇ ಬರೆಸಿ. ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಬೇಕು ಎಂದು ನೀವೇ ಕೇಳಿ. ಇದು ಬಸುರಿಯ ಮಾಮೂಲಿ ಪರೀಕ್ಷೆಗಳ ಪಟ್ಟಿಯಲ್ಲಿ ಇರುವುದಿಲ್ಲ, ಕೇಳದಿದ್ದರೆ ಯಾರೂ ಬರೆಯುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೂ ದೊಡ್ಡ ಲ್ಯಾಬುಗಳ ಸಂಗ್ರಹ ಕೇಂದ್ರದಲ್ಲಿ ರಕ್ತ ಕೊಟ್ಟರೆ ಅವರು ಕಳುಹಿಸಿ ಮಾಡಿಸುತ್ತಾರೆ. ಅದರ ಜೊತೆ ಯಕೃತ್ತಿನ ಪರೀಕ್ಷೆಯನ್ನೂ ಮಾಡಿಸಿ. ಕೆಲವು ಬೇರುಗಳು, ಬಳ್ಳಿಗಳು ಯಕೃತ್ತಿಗೆ ಪೆಟ್ಟು ಕೊಡುತ್ತವೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯವನ್ನು ನಿತ್ಯ ಕುಡಿದು ಕಾಮಾಲೆಯಾದವರ ಬಗ್ಗೆ ಮುಂಬೈಯ ವೈದ್ಯರು ವರದಿ ಮಾಡಿದ್ದರು.

ಸೀಸದ ಅಂಕಿ ಐದಕ್ಕಿಂತ ಕೆಳಗಿದ್ದರೆ ಆ ಭಯವನ್ನು ಬಹುಮಟ್ಟಿಗೆ ಬಿಡಬಹುದು, ಪುಡಿಯನ್ನು ಮಾತ್ರ ಮತ್ತೆ ಮುಟ್ಟಬೇಡಿ. ಐದು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂಲ ಪುಡಿಯೇ ಅಥವಾ ಬೇರೆಯೇ ಎಂದು ಹುಡುಕಬೇಕು. ಬಣ್ಣ ಕಲಸಿದ ಅರಿಸಿನ, ಹಳೆಯ ಬ್ಯಾಟರಿ ಒಡೆಯುವ ಕೆಲಸ, ಬಯಕೆಗೆಂದು ತಿನ್ನುವ ಮಣ್ಣು ಇವೂ ಮೂಲವಾಗಬಲ್ಲವು. ಮೂಲ ನಿಂತ ಮೇಲೆ ರಕ್ತದಲ್ಲಿನ ಸೀಸ ವಾರಗಳಲ್ಲಿ ಇಳಿಯತೊಡಗುತ್ತದೆ. ಸ್ವಲ್ಪ ಭಾಗ ಮೂಳೆಯಲ್ಲಿ ಉಳಿದು, ಬಸಿರಿನಲ್ಲಿ ಮೂಳೆಯಿಂದ ಸುಣ್ಣ ಹೊರಬರುವಾಗ ಅದರೊಂದಿಗೆ ಬರುತ್ತದೆ. ಅದಕ್ಕೇ ಕ್ಯಾಲ್ಸಿಯಂ ಮಾತ್ರೆಯನ್ನು ತಪ್ಪಿಸಬಾರದು, ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. 45 ದಾಟಿದರೆ ದೊಡ್ಡ ಆಸ್ಪತ್ರೆಯ ವಿಷಯ. ಸೀಸವನ್ನು ಹೊರಗೆಳೆಯುವ ಔಷಧಿ ಕೊಡಬೇಕೇ ಬೇಡವೇ ಎಂದು ಅಲ್ಲಿನ ತಜ್ಞರು ತೀರ್ಮಾನಿಸುತ್ತಾರೆ.

ನಾಟಿ ವೈದ್ಯರನ್ನೂ ಕೇಳಿ. ಜಗಳಕ್ಕಲ್ಲ, ತಿಳಿಯಲಿಕ್ಕೆ. ಇದರಲ್ಲಿ ಯಾವ ಯಾವ ಸಾಮಾನು ಇದೆ, ಭಸ್ಮ ಅಥವಾ ರಸ ಏನಾದರೂ ಸೇರಿದೆಯೇ, ಬೇರನ್ನು ನೀವೇ ಕಿತ್ತು ತಂದಿರೋ ಅಥವಾ ಪುಡಿಯನ್ನು ಕೊಂಡಿರೋ ಎಂದು ಕೇಳಿ. ಒಬ್ಬೊಬ್ಬರು ಎಲ್ಲವನ್ನೂ ಹೆಸರು ಹಿಡಿದು ಹೇಳುತ್ತಾರೆ, ಬೇರನ್ನೇ ತಂದು ತೋರಿಸುತ್ತಾರೆ. ಅಂಥವರ ಮಾತನ್ನು ನಾನು ಗೌರವದಿಂದ ಕೇಳುತ್ತೇನೆ, ಪಟ್ಟಿ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಹೇಳಿದರೆ ಔಷಧಿಯ ಗುಣ ಹೋಗುತ್ತದೆ ಎನ್ನುವವರೂ ಇದ್ದಾರೆ. ಆ ಉತ್ತರ ಬಂದರೆ ನಿಮ್ಮ ತೀರ್ಮಾನಕ್ಕೆ ಅದೇ ಸಾಕು. ಗಂಡು ಮಗುವಾಗಲು ಎಂದು ಕೊಡುವ ಪುಡಿಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು ಸೇರಿಸುತ್ತೇನೆ. ಮಗು ಗಂಡೋ ಹೆಣ್ಣೋ ಎಂಬುದು ವೀರ್ಯ ಅಂಡ ಕೂಡಿದ ಕ್ಷಣದಲ್ಲೇ ನಿಶ್ಚಯವಾಗಿರುತ್ತದೆ. ಎರಡನೇ ತಿಂಗಳಲ್ಲಿ, ಮಗುವಿನ ಅಂಗಾಂಗಗಳು ಮೂಡುವ ಹೊತ್ತಿನಲ್ಲೇ ಇಂಥ ಪುಡಿಗಳನ್ನು ಕೊಡುತ್ತಾರೆ. ಹರಿಯಾಣದಲ್ಲಿ ನಡೆದ ಅಧ್ಯಯನಗಳು ಇವಕ್ಕೂ ಅಂಗವಿಕಲ ಮಕ್ಕಳ ಹಾಗೂ ಸತ್ತು ಹುಟ್ಟುವ ಮಕ್ಕಳ ಜನನಕ್ಕೂ ನಂಟು ಕಂಡಿವೆ.

ಇನ್ನು ಅತ್ತೆಯವರ ಕಷಾಯ. ಜೀರಿಗೆ, ಶುಂಠಿ, ಕೊತ್ತಂಬರಿ, ಮೆಣಸು ನಾವು ಸಾರಿನಲ್ಲಿ ತಿನ್ನುವ ಸಾಮಾನುಗಳೇ. ಸಾರಿಗೆ ಹಾಕುವಷ್ಟನ್ನೇ ನೀರಿಗೆ ಹಾಕಿ ಕುದಿಸಿ ಕುಡಿದರೆ ಹೆದರಬೇಕಾದದ್ದು ಏನೂ ಇಲ್ಲ. ಶುಂಠಿಯಂತೂ ಬಸುರಿಯರ ವಾಂತಿಗೆ ಚೆನ್ನಾಗಿ ಪರೀಕ್ಷೆಗೊಳಗಾದ ವಸ್ತು. ದಿನಕ್ಕೆ ಒಣಶುಂಠಿಯ ಲೆಕ್ಕದಲ್ಲಿ ಸುಮಾರು ಒಂದು ಗ್ರಾಂ ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಮಗುವಿಗೆ ಕೆಡುಕು ಕಂಡಿಲ್ಲ. ಹಸಿ ಶುಂಠಿಯಾದರೆ ಒಂದು ಚಿಕ್ಕ ತುಂಡು ಎಂದುಕೊಳ್ಳಿ. ಎದೆಯುರಿ ಇದ್ದರೆ ಇನ್ನೂ ಕಡಿಮೆ ಮಾಡಿ.

ಪ್ರಮಾಣ ಎಲ್ಲಿ ಜಾರುತ್ತದೆ ಎಂದರೆ, ಕಷಾಯ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು, ಒಂದು ಲೋಟ ನೀರಿಗೆ ಅರ್ಧ ಚಮಚ ಜೀರಿಗೆ ಹಾಕಿ ಎರಡು ಕುದಿ ಬರಿಸಿದ್ದು. ಇನ್ನೊಂದು, ವೈದ್ಯರ ಕ್ರಮದ ಕಷಾಯ. ಅಲ್ಲಿ ಸುಮಾರು 50 ಗ್ರಾಂ ಮೂಲಿಕೆಯನ್ನು ಜಜ್ಜಿ, ಹದಿನಾರು ಪಟ್ಟು ನೀರು ಹಾಕಿ, ನಾಲ್ಕನೇ ಒಂದು ಅಥವಾ ಎಂಟನೇ ಒಂದು ಪಾಲಿಗೆ ಬತ್ತಿಸುತ್ತಾರೆ. ಮೊದಲನೆಯದು ಪಾನೀಯ, ಎರಡನೆಯದು ಔಷಧಿ. ಅತ್ತೆಯವರು ಯಾವುದನ್ನು ಮಾಡುತ್ತಾರೆ ಎಂದು ಒಲೆಯ ಪಕ್ಕ ನಿಂತು ಒಮ್ಮೆ ನೋಡಿ. ಪಾತ್ರೆಯಲ್ಲಿ ಎಷ್ಟು ನೀರು ಇತ್ತು, ಎಷ್ಟು ಉಳಿಯಿತು, ಕಷಾಯದ ಪುಡಿ ಮನೆಯದೋ ಅಂಗಡಿಯದೋ ಗಮನಿಸಿ. ಅಂಗಡಿಯದಾದರೆ ಪ್ಯಾಕೆಟ್ಟಿನ ಹಿಂಭಾಗದಲ್ಲಿ ಜ್ಯೇಷ್ಠಮಧು ಅಥವಾ ಅತಿಮಧುರ ಎಂಬ ಹೆಸರು ಇದೆಯೇ ಹುಡುಕಿ.

ಇದನ್ನೇ ಹುಡುಕಿ ಎನ್ನಲು ಕಾರಣವಿದೆ. ಸಿಹಿಯಾದ, ಗಂಟಲಿಗೆ ಹಿತವಾದ ಈ ಬೇರನ್ನು ಯಾರೂ ಅನುಮಾನಿಸುವುದಿಲ್ಲ. ಅದರ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಎಂಬ ಅಂಶ ದೇಹದಲ್ಲಿ ಉಪ್ಪನ್ನು ಹಿಡಿದಿಟ್ಟು ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ತಾಯಿಯ ಒತ್ತಡದ ಹಾರ್ಮೋನು ಮಗುವಿಗೆ ಪೂರ್ತಿ ತಲುಪದಂತೆ ಮಾಸಿನಲ್ಲಿ ಕಾವಲಿರುವ ಕಿಣ್ವವನ್ನೂ ಅದು ಅಡ್ಡಿಪಡಿಸುತ್ತದೆ. ಫಿನ್ಲೆಂಡಿನಲ್ಲಿ ಈ ಬೇರಿನ ಮಿಠಾಯಿ ತಿನ್ನುವ ಅಭ್ಯಾಸ ಬಹಳ. ಅಲ್ಲಿ ವಾರಕ್ಕೆ 500 ಮಿಲಿಗ್ರಾಮಿಗಿಂತ ಹೆಚ್ಚು ಗ್ಲಿಸಿರೈಜಿನ್ ಸೇವಿಸಿದ ತಾಯಂದಿರಿಗೆ 38 ವಾರ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಹೆಚ್ಚಿತ್ತು. ಬೇರಿನಲ್ಲಿ ಶೇ 4ರಷ್ಟು ಗ್ಲಿಸಿರೈಜಿನ್ ಇದೆ ಎಂದಿಟ್ಟುಕೊಂಡರೆ, ದಿನಕ್ಕೆ 3 ಗ್ರಾಂ ಪುಡಿಯಲ್ಲಿ 120 ಮಿಲಿಗ್ರಾಂ. ವಾರಕ್ಕೆ 840. ಕೆಮ್ಮಿಗೆಂದು ಒಂದು ತುಂಡನ್ನು ಒಮ್ಮೆ ಚೀಪಿದರೆ ಏನೂ ಆಗುವುದಿಲ್ಲ, ನಿತ್ಯದ ಕಷಾಯದಲ್ಲಿ ಇದು ಬೇಡ. ಬಿ.ಪಿ. ಏರುತ್ತಿರುವವರಿಗಂತೂ ಸ್ವಲ್ಪವೂ ಬೇಡ.

ಮೆಂತ್ಯಕ್ಕೂ ಇದೇ ಅಳತೆ. ಒಗ್ಗರಣೆಯ, ದೋಸೆ ಹಿಟ್ಟಿನ ಮೆಂತ್ಯ ಆಹಾರ. ಸಕ್ಕರೆ ಇಳಿಸಲೆಂದು ದಿನಕ್ಕೆ ನಾಲ್ಕೈದು ಚಮಚ ಪುಡಿ ತಿಂದರೆ ಅದು ಔಷಧಿಯಾಯಿತು. ಬಸಿರಿನಲ್ಲಿ ಸಕ್ಕರೆ ಏರಿದ್ದರೆ ಮಾಡುವ ಕ್ರಮವೇ ಬೇರೆ.

ಕೇಸರಿ ಹಾಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕೈದು ಎಸಳು ಹಾಕಿ ಕುಡಿಯಿರಿ, ಹಾಲು ಒಳ್ಳೆಯದು. ಗ್ರಾಂಗಟ್ಟಲೆ ಸೇವಿಸಿದರೆ ಕೇಸರಿ ವಿಷವಾಗುತ್ತದೆ, ಆದರೆ ಅದರ ಬೆಲೆಯೇ ನಿಮ್ಮನ್ನು ಕಾಪಾಡುತ್ತದೆ. ಮಗುವಿನ ಬಣ್ಣವನ್ನು ಅದು ಬದಲಿಸುವುದಿಲ್ಲ. ಬಿಡಿಯಾಗಿ ಅಗ್ಗಕ್ಕೆ ಸಿಗುವುದು ಬಹುತೇಕ ಬಣ್ಣ ಹಾಕಿದ ಕುಸುಬೆ ಹೂವಿನ ಎಸಳು. ಅದಕ್ಕಿಂತ ಬರೀ ಹಾಲು ಮೇಲು.

ಈಗ ಕಬ್ಬಿಣಕ್ಕೆ ಬರುತ್ತೇನೆ. ಇಡೀ ಪತ್ರದಲ್ಲಿ ನನಗೆ ಅತಿ ಹೆಚ್ಚು ಆತಂಕ ತಂದದ್ದು ಪುಡಿಯಾದರೆ, ಅದರ ಪಕ್ಕದ ಸ್ಥಾನ ಮಾತ್ರೆ ಬಿಟ್ಟದ್ದಕ್ಕೆ. ಬಸಿರಿನಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. 9.4 ಮಧ್ಯಮ ದರ್ಜೆಯದು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ. ರಕ್ತಹೀನತೆ ಇಲ್ಲದವರಿಗೆ ದಿನಕ್ಕೆ ಒಂದು, ನಿಮ್ಮ ಅಂಕಿಗೆ ದಿನಕ್ಕೆ ಎರಡು. ಎರಡನ್ನೂ ನುಂಗಲು ಕಷ್ಟವಾದರೆ ಮೊದಲ ವಾರ ಒಂದರಿಂದ ಶುರು ಮಾಡಿ, ಆದರೆ ಅಲ್ಲೇ ನಿಲ್ಲಬೇಡಿ.

ಹೊತ್ತು ಹೀಗೆ ಹೊಂದಿಸಿಕೊಳ್ಳಬಹುದು. ಬೆಳಗಿನ ತಿಂಡಿಯ ಜೊತೆ ಒಂದು ಕ್ಯಾಲ್ಸಿಯಂ. ಹನ್ನೊಂದರ ಸುಮಾರಿಗೆ ಒಂದು ಕಬ್ಬಿಣದ ಮಾತ್ರೆ, ನಿಂಬೆ ಶರಬತ್ತಿನ ಜೊತೆಗಾದರೆ ಇನ್ನೂ ಒಳ್ಳೆಯದು. ಸಂಜೆ ಐದರ ಹೊತ್ತಿಗೆ ಇನ್ನೊಂದು ಕಬ್ಬಿಣ. ರಾತ್ರಿ ಊಟದ ಜೊತೆ ಎರಡನೇ ಕ್ಯಾಲ್ಸಿಯಂ, ಆಮೇಲೆ ನಿಮ್ಮ ಕೇಸರಿ ಹಾಲು. ಹಾಲು, ಕ್ಯಾಲ್ಸಿಯಂ, ಕಾಫಿ, ಚಹಾ ಇವು ಕಬ್ಬಿಣವನ್ನು ಹೀರಿಕೊಳ್ಳದಂತೆ ತಡೆಯುತ್ತವೆ. ಒಗರು ಸಾಮಾನು ಹಾಕಿದ ಕಷಾಯವೂ ಹಾಗೆಯೇ ಮಾಡುತ್ತದೆ. ಆದ್ದರಿಂದ ಮಾತ್ರೆಗೂ ಇವುಗಳಿಗೂ ನಡುವೆ ಒಂದೆರಡು ಗಂಟೆ ಬಿಡಿ. ಅತ್ತೆಯವರ ಕಷಾಯ ಬೆಳಿಗ್ಗೆ ಎದ್ದ ಕೂಡಲೇ ಆಗುವುದರಿಂದ ಅದು ತಾನಾಗಿಯೇ ದೂರ ಉಳಿಯುತ್ತದೆ. ಖಾಲಿ ಹೊಟ್ಟೆಗೆ ವಾಕರಿಕೆ ಬಂದರೆ ಊಟವಾದ ಮೇಲೆ ತೆಗೆದುಕೊಳ್ಳಿ, ಸ್ವಲ್ಪ ಕಡಿಮೆ ಹೀರಿದರೂ ಪೂರ್ತಿ ಬಿಡುವುದಕ್ಕಿಂತ ಮೇಲು. ಮಲ ಕಪ್ಪಗಾಗುತ್ತದೆ, ಅದಕ್ಕೆ ಹೆದರಬೇಡಿ.

ಮಲಬದ್ಧತೆಗೆ ನೀರು, ಸೊಪ್ಪು, ಸೀಬೆಹಣ್ಣು, ನಡಿಗೆ. ಸಾಲದಿದ್ದರೆ ರಾತ್ರಿ ಒಂದು ದೊಡ್ಡ ಲೋಟ ನೀರಿನಲ್ಲಿ ಒಂದೆರಡು ಚಮಚ ಇಸಬ್ಗೋಲ್. ಅದು ಕರುಳಿನಲ್ಲೇ ಉಬ್ಬಿ ಹೊರಹೋಗುವ ವಸ್ತು, ರಕ್ತಕ್ಕೆ ಸೇರುವುದಿಲ್ಲ. ಹರಳೆಣ್ಣೆ ಬೇಡವೇ ಬೇಡ, ಅದು ಕರುಳನ್ನು ಮಾತ್ರವಲ್ಲ ಗರ್ಭಕೋಶವನ್ನೂ ಹಿಂಡುತ್ತದೆ. ಸೋನಾಮುಖಿ, ಲೋಳೆಸರದ ಹಳದಿ ರಸ, ಅಣಲೆಕಾಯಿ ಇರುವ ತ್ರಿಫಲೆ ಇವನ್ನೂ ಸ್ವಂತ ತೀರ್ಮಾನದಿಂದ ತೆಗೆದುಕೊಳ್ಳಬೇಡಿ. ಅಣಲೆಕಾಯಿ ಗರ್ಭಿಣಿಗೆ ಸಲ್ಲದು ಎಂದು ಆಯುರ್ವೇದವೇ ಹೇಳುತ್ತದೆ. ಅಷ್ಟೇ ಏಕೆ, ಚರಕ ಸಂಹಿತೆ ತಿಂಗಳು ತಿಂಗಳಿಗೂ ಗರ್ಭಿಣಿಗೆ ಹೇಳುವ ಪಥ್ಯವನ್ನು ನೋಡಿ. ಮೊದಲ ತಿಂಗಳು ಹಾಲು, ನಾಲ್ಕನೆಯದರಲ್ಲಿ ಹಾಲಿನ ಬೆಣ್ಣೆ, ಐದನೆಯದರಲ್ಲಿ ತುಪ್ಪ, ಎಂಟನೆಯದರಲ್ಲಿ ಹಾಲಿನಲ್ಲಿ ಬೇಯಿಸಿದ ಗಂಜಿ. ಬಹುಪಾಲು ಊಟದ ಮಾತೇ. ಪರಂಪರೆ ಎಂದು ಹೇಳಿ ಯಾರಾದರೂ ಕಪ್ಪು ಗುಳಿಗೆ ಕೊಡಲು ಬಂದರೆ ಅವರಿಗೆ ಇದನ್ನು ನೆನಪಿಸಬಹುದು.

ಪೊಟ್ಟಣ ಬೇಡ, ಅಂಗಡಿಯ ಸೀಲಾದ ಡಬ್ಬಿ ತರುತ್ತೇವೆ ಎಂದು ಮನೆಯವರು ಹೇಳಬಹುದು. ಪೊಟ್ಟಣಕ್ಕಿಂತ ಅದು ಎಷ್ಟೋ ವಾಸಿ, ಏಕೆಂದರೆ ಓದಲು ಏನಾದರೂ ಇರುತ್ತದೆ. ಡಬ್ಬಿಯನ್ನು ತಿರುಗಿಸಿ ಮೊದಲು ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ನೋಡಿ. ಇವು ಇಲ್ಲದಿದ್ದರೆ ಡಬ್ಬಿಯೂ ಪೊಟ್ಟಣವೇ. ಆಮೇಲೆ ಸಾಮಾನಿನ ಪಟ್ಟಿಯಲ್ಲಿ ಬೆರಳಿಟ್ಟು ಓದಿ. ರಸ, ಭಸ್ಮ, ಪಾರದ, ಕಜ್ಜಲಿ, ಹಿಂಗುಲ, ನಾಗ, ಹರತಾಳ, ಮನಃಶಿಲೆ, ಸಿಂಧೂರ ಇವುಗಳಲ್ಲಿ ಒಂದು ಪದ ಕಂಡರೂ ವಾಪಸ್ ಇಡಿ. ಲೋಹ ಭಸ್ಮ ಎಂದರೆ ಕಬ್ಬಿಣ. ಅದು ಸೀಸದಂಥ ವಿಷವಲ್ಲ, ಆದರೆ ಅದರಿಂದ ನಿಮಗೆ ಎಷ್ಟು ಕಬ್ಬಿಣ ಸಿಗುತ್ತದೆ ಎಂಬ ಲೆಕ್ಕ ಕೆಂಪು ಮಾತ್ರೆಯಷ್ಟು ಖಚಿತವಲ್ಲ. ವಿಷವಸ್ತುಗಳ ಪಟ್ಟಿಯಲ್ಲಿರುವ ಸಾಮಾನು ಸೇರಿದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆಯನ್ನು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮುದ್ರಿಸಬೇಕೆಂಬ ನಿಯಮವಿದೆ. ಸಣ್ಣ ಅಕ್ಷರದಲ್ಲಿ ಇರುತ್ತದೆ, ಅತ್ತೆಯವರ ಕಣ್ಣಿಗೆ ಬೀಳುವುದಿಲ್ಲ. ಇನ್ನು, ಶೇ 100 ನೈಸರ್ಗಿಕ, ಅಡ್ಡಪರಿಣಾಮವಿಲ್ಲ ಎಂದು ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಬರೆದಿರುವುದು ಮಾರಾಟದ ಮಾತು, ಅದನ್ನು ಪರೀಕ್ಷೆಯ ಫಲಿತಾಂಶ ಎಂದು ಓದಬೇಡಿ. ಆಯುರ್ವೇದ ಚಿಕಿತ್ಸೆಯೇ ಬೇಕು ಎಂದಿದ್ದರೆ ಬಿ.ಎ.ಎಂ.ಎಸ್. ಓದಿದ ವೈದ್ಯರನ್ನು ಕಂಡು, ಐದು ತಿಂಗಳ ಬಸುರಿ ಎಂದು ಮೊದಲೇ ಹೇಳಿ, ಅವರು ಕೊಟ್ಟದ್ದರ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿಯನ್ನು ಪ್ರಸೂತಿ ವೈದ್ಯರಿಗೂ ತೋರಿಸಿ.

ಮನೆಮದ್ದು ತಾನು ನಿರಪಾಯವಾಗಿದ್ದೂ ಕೆಡುಕು ಮಾಡುವ ಒಂದು ಬಗೆ ಇದೆ. ನಮ್ಮ ಕಡೆ ಉರಿಮೂತ್ರವೆಂದರೆ ಉಷ್ಣ, ಉಷ್ಣಕ್ಕೆ ಬಾರ್ಲಿ ನೀರು, ಎಳನೀರು. ಕುಡಿಯಿರಿ, ಆದರೆ ಮೂತ್ರ ಪರೀಕ್ಷೆಯನ್ನೂ ಮಾಡಿಸಿ. ಬಸಿರಿನಲ್ಲಿ ಮೂತ್ರದ ಸೋಂಕು ಬೇಗ ಮೂತ್ರಪಿಂಡಕ್ಕೆ ಏರುತ್ತದೆ, ಜ್ವರ ಚಳಿ ಬಂದು ಅವಧಿಗೆ ಮುಂಚೆ ನೋವು ಶುರುವಾಗಬಹುದು. ಅಂಗೈ ಅಂಗಾಲು ರಾತ್ರಿಯಿಡೀ ತುರಿಸಿದರೆ ಬೇವಿನ ಸೊಪ್ಪು ಹಚ್ಚಿ ಕೂರಬೇಡಿ, ಅದು ಪಿತ್ತರಸ ಕಟ್ಟಿಕೊಂಡ ಲಕ್ಷಣವಾಗಿರಬಹುದು. ತಲೆನೋವಿನ ಜೊತೆ ಮುಖ ಊದಿದರೆ, ಕಣ್ಣು ಮಂಜಾದರೆ ಅದೇ ದಿನ ಬಿ.ಪಿ. ನೋಡಿಸಿ. ಈ ಮೂರಕ್ಕೂ ಕಷಾಯದಿಂದ ಒಂದೆರಡು ದಿನ ಸಮಾಧಾನ ಸಿಗುತ್ತದೆ, ಆ ಒಂದೆರಡು ದಿನವೇ ದುಬಾರಿಯಾಗುತ್ತದೆ.

ಅತ್ತೆಯವರಿಗೆ ಹೇಗೆ ಹೇಳುವುದು ಎಂದು ನೀವು ಬರೆದಿಲ್ಲ, ಆದರೆ ಅದೇ ಕಷ್ಟದ ಭಾಗ ಎಂದು ನನಗೆ ಗೊತ್ತು. ಎಲ್ಲವನ್ನೂ ಒಟ್ಟಿಗೆ ಬೇಡ ಎನ್ನಬೇಡಿ. ನಿಮ್ಮ ಕಷಾಯ ಒಳ್ಳೆಯದೇ ಅಂತೆ ಅತ್ತೆ, ಪೊಟ್ಟಣದ ಪುಡಿಯೊಂದನ್ನು ರಕ್ತ ಪರೀಕ್ಷೆ ಆಗುವವರೆಗೆ ನಿಲ್ಲಿಸಬೇಕಂತೆ ಎಂದು ಹೇಳಿ. ಸಾಧ್ಯವಾದರೆ ತಪಾಸಣೆಗೆ ಅವರನ್ನೇ ಕರೆದುಕೊಂಡು ಹೋಗಿ. ಹಿಮೋಗ್ಲೋಬಿನ್ ಅಂಕಿಯನ್ನು ವೈದ್ಯರ ಬಾಯಿಂದ ಕೇಳಿದ ಅತ್ತೆಯಂದಿರು ಎರಡು ಮಾತ್ರೆಯನ್ನೂ ಎದುರಿಗೆ ನಿಂತು ನುಂಗಿಸುವುದನ್ನು ನೋಡಿದ್ದೇನೆ.

ಒಂದು ತಿಂಗಳಿಗೆ ಸರಿಯಾಗಿ ಹಿಮೋಗ್ಲೋಬಿನ್ ಮತ್ತೆ ನೋಡಿಸಿ. ಮಾತ್ರೆಯನ್ನು ತಪ್ಪದೆ ತೆಗೆದುಕೊಂಡಿದ್ದರೆ ಅದು ಕಡಿಮೆಯೆಂದರೂ ಒಂದು ಅಂಕಿ ಏರಿ 10.4ರ ಆಸುಪಾಸಿಗೆ ಬಂದಿರಬೇಕು. ಬಂದಿದ್ದರೆ ಹಾಗೆಯೇ ಮುಂದುವರಿಸಿ. ಏರದಿದ್ದರೆ ಮಾತ್ರೆ ಸಾಲುತ್ತಿಲ್ಲ ಎಂದಾಗಲಿ ಕಾರಣ ಬೇರೆಯಿದೆ ಎಂದಾಗಲಿ ಅರ್ಥ. ಆಗ ಸೀಸದ ವರದಿಯನ್ನೂ ಪೊಟ್ಟಣವನ್ನೂ ಹಿಡಿದುಕೊಂಡೇ ಜಿಲ್ಲಾ ಆಸ್ಪತ್ರೆಗೆ ಹೋಗಿ. ಸೂಜಿಯ ಮೂಲಕ ಕಬ್ಬಿಣ ಕೊಡಬೇಕೇ, ಇನ್ನೇನಾದರೂ ಪರೀಕ್ಷೆ ಬೇಕೇ ಎಂದು ಅಲ್ಲಿ ತೀರ್ಮಾನಿಸುತ್ತಾರೆ.